ಮೂವತ್ತು ಸಾವಿರ ಎಂದರು, ಹತ್ತೊಂಬತ್ತು ಬಂತು: ಮೊದಲ ಸಂಬಳ ಚೀಟಿಯ ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯದ ಒಂದು ಕಾರ್ಖಾನೆಯ ಸಂಬಳ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವನು ನಾನು. ತಿಂಗಳ ಮೊದಲ ವಾರ ಬಂದರೆ ಕಿಟಕಿಯ ಮುಂದೆ ಚೀಟಿ ಹಿಡಿದು ನಿಲ್ಲುವವರ ಸಾಲು ನನಗೆ ಹೊಸದಲ್ಲ. ಆದರೆ 2025ರ ಜುಲೈ ಕೊನೆಯ ರಾತ್ರಿ ಫೋನು ಮಾಡಿದವಳು ನಮ್ಮ ಅಣ್ಣನ ಮಗಳು. ಅರಸೀಕೆರೆಯಿಂದ ಬಂದು ದಾಸರಹಳ್ಳಿಯ ಪಿಜಿಯಲ್ಲಿದ್ದು ಜುಲೈ 7ರಂದು ಮೊದಲ ಕೆಲಸಕ್ಕೆ ಸೇರಿದ್ದಳು. ಕಂಪನಿ ಕಳಿಸಿದ ಸಂಬಳ ಚೀಟಿಯನ್ನು ಪಾಸ್‌ವರ್ಡ್ ಹಾಕಿ ತೆರೆಯುವುದಕ್ಕೇ ಅವಳಿಗೆ ಹತ್ತು ನಿಮಿಷ ಹಿಡಿದಿತ್ತು. ತೆರೆದ ಮೇಲೆ ಅಳು ತಡೆಯುವುದಕ್ಕೆ ಇನ್ನೂ ಹತ್ತು ನಿಮಿಷ.

ಅಂದಿನಿಂದ ಮೂರು ತಿಂಗಳು ಅವಳು ಕೇಳಿದ ಪ್ರಶ್ನೆಗಳೇ ಇಲ್ಲಿವೆ. ಅವಳ ಪಿಜಿಯ ಗೆಳತಿಯರು ಕೇಳಿ ಕಳಿಸಿದ ಒಂದೆರಡೂ ಸೇರಿವೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಉಳಿಸಿದ್ದೇನೆ. ಲೆಕ್ಕ ಅವಳ ಚೀಟಿಯದು.

## ಚೀಟಿ ತೆರೆದ ರಾತ್ರಿ

ಚಿಕ್ಕಪ್ಪ, ತಿಂಗಳಿಗೆ ಮೂವತ್ತು ಸಾವಿರ ಎಂದಿದ್ದರು. 19,024 ಬಂದಿದೆ. ಹನ್ನೊಂದು ಸಾವಿರ ಎಲ್ಲಿ ಹೋಯಿತು?

ಮೊದಲು ನಾನು ಅವಳಿಗೆ ಹೇಳಿದ್ದು ಇಷ್ಟೇ: ಕಡಿತದ ಕಾಲಂ ಕೂಡಿಸು, ಎಷ್ಟಾಗುತ್ತದೆ ನೋಡು. ಅವಳು ಕೂಡಿಸಿದಳು. 2,652 ರೂಪಾಯಿ. ಆಗ ಅವಳಿಗೆ ಇನ್ನೂ ಗಾಬರಿಯಾಯಿತು. ಕಡಿತವಾದದ್ದು ಎರಡೂವರೆ ಸಾವಿರವಾದರೆ ಉಳಿದ ಎಂಟು ಸಾವಿರ ಚಿಲ್ಲರೆಯನ್ನು ಯಾರು ತೆಗೆದುಕೊಂಡರು?

ಯಾರೂ ತೆಗೆದುಕೊಂಡಿಲ್ಲ. ಅದು ಚೀಟಿಯ ಒಳಗೆ ಬಂದೇ ಇಲ್ಲ. ಮೊದಲ ಸಂಬಳ ನೋಡುವ ಬಹುತೇಕರು ಕಡಿತದ ಕಾಲಮ್ಮಿನಲ್ಲಿ ಹುಡುಕುತ್ತಾರೆ. ಹುಡುಕಬೇಕಾದದ್ದು ನೇಮಕಾತಿ ಪತ್ರದ ಕೊನೆಯ ಪುಟದಲ್ಲಿರುವ ಪಟ್ಟಿಯಲ್ಲಿ. ಅವಳ ಪಟ್ಟಿಯಲ್ಲಿ ಮೂಲ ವೇತನ 15,000, ಮನೆ ಬಾಡಿಗೆ ಭತ್ಯೆ 7,500, ನಸುಕಿನ ಪಾಳಿಗೆ ಪಾಳಿ ಭತ್ಯೆ 4,378 ಇದ್ದವು. ಇವು ಸೇರಿದರೆ 26,878. ಸಂಬಳ ಎಂದರೆ ಇದು. ಇದರ ಕೆಳಗೆ ಕಂಪನಿ ಕಟ್ಟುವ ಪಿಎಫ್ 1,800, ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿ 722, ಆರೋಗ್ಯ ವಿಮೆಯ ಕಂತು 600 ಎಂದು ಬರೆದು, ಎಲ್ಲವನ್ನೂ ಕೂಡಿಸಿ 30,000 ಮಾಡಿದ್ದರು. ಸಂದರ್ಶನದಲ್ಲಿ ಹೇಳಿದ್ದು ಆ ಮೊತ್ತವನ್ನು.

ಈಗ ಮೇಲಿನಿಂದ ಇಳಿದು ಬರೋಣ. ಮೂವತ್ತು ಸಾವಿರದಲ್ಲಿ ಸಂಬಳವೇ ಅಲ್ಲದ 3,122 ಹೋಯಿತು, 26,878 ಉಳಿಯಿತು. ಅವಳು ಸೇರುವ ಮೊದಲಿನ ಆರು ದಿನಗಳದು 5,202 ಹೋಯಿತು, 21,676 ಉಳಿಯಿತು. ಅವಳ ಪಾಲಿನ ಪಿಎಫ್ 1,452, ಕಂಪನಿ ವ್ಯಾನಿನ ಹೆಸರಿನಲ್ಲಿ 1,200. ಉಳಿದದ್ದು 19,024. ಒಂದು ರೂಪಾಯಿಯೂ ಆಚೀಚೆ ಇಲ್ಲ. ಆ ವ್ಯಾನಿನ ಸಾಲಿನ ಕಥೆ ಮಾತ್ರ ಬೇರೆ, ಅದನ್ನು ಮುಂದೆ ಹೇಳುತ್ತೇನೆ.

ನನ್ನ ಕೈಗೆ ಬರದ ದುಡ್ಡನ್ನು ನನ್ನ ಸಂಬಳ ಎಂದು ಏಕೆ ಹೇಳುತ್ತಾರೆ?

ಅವರು ಸಂಬಳ ಎಂದು ಹೇಳಿರುವುದಿಲ್ಲ, ಸಿಟಿಸಿ ಎಂದಿರುತ್ತಾರೆ. ನಿನ್ನನ್ನು ಇಟ್ಟುಕೊಳ್ಳಲು ಕಂಪನಿಗೆ ತಗಲುವ ಒಟ್ಟು ಖರ್ಚು ಅದು. ಕೇಳುವ ನಮ್ಮ ಕಿವಿ ಅದನ್ನು ಸಂಬಳ ಎಂದು ಕೇಳಿಸಿಕೊಳ್ಳುತ್ತದೆ. ಹೇಳುವವರಿಗೂ ಇದು ಗೊತ್ತು.

ಆ ಮೂರರಲ್ಲಿ ಪಿಎಫ್ ಬಗ್ಗೆ ನನಗೆ ತಕರಾರಿಲ್ಲ, ಅದು ಪ್ರತಿ ತಿಂಗಳೂ ಅವಳ ಹೆಸರಿಗೇ ಜಮೆಯಾಗುವ ದುಡ್ಡು. ವಿಮೆಯೂ ಸರಿ, ಕಾರ್ಡು ಕೈಯಲ್ಲಿದ್ದರೆ. ನನಗೆ ಹಿಡಿಸದಿರುವುದು ಗ್ರಾಚ್ಯುಟಿ. ಒಂದು ವರ್ಷದ ಸೇವೆಗೆ ಹದಿನೈದು ದಿನದ ಮೂಲ ವೇತನ, ತಿಂಗಳನ್ನು 26 ದಿನಕ್ಕೆ ಹಿಡಿದು, ಎಂಬುದು ಅದರ ಲೆಕ್ಕ. ತಿಂಗಳಿಗೆ ಹಂಚಿದರೆ ಮೂಲ ವೇತನದ ಶೇ 4.81 ಆಗುತ್ತದೆ, 15,000ಕ್ಕೆ 722 ರೂಪಾಯಿ. ಆದರೆ ಅದು ಸಿಗುವುದು ಸಾಮಾನ್ಯವಾಗಿ ಐದು ವರ್ಷ ಪೂರೈಸಿದವರಿಗೆ. ಎರಡು ವರ್ಷಕ್ಕೆ ಕೆಲಸ ಬಿಟ್ಟರೆ ಆ 722ರ ಇಪ್ಪತ್ತನಾಲ್ಕು ಕಂತುಗಳು ಕಾಗದದ ಮೇಲೆಯೇ ಉಳಿಯುತ್ತವೆ. ನಿಗದಿತ ಅವಧಿಯ ಒಪ್ಪಂದದ ಮೇಲೆ ಸೇರಿದವರಿಗೆ ಮಾತ್ರ, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯ ಪ್ರಕಾರ, ಒಂದು ವರ್ಷದ ಸೇವೆ ಸಾಕು.

ಮುಂದಿನ ಸಲ ಸಂದರ್ಶನಕ್ಕೆ ಹೋದಾಗ ಒಂದೇ ಪ್ರಶ್ನೆ ಕೇಳು ಎಂದೆ: «ಪೂರ್ತಿ ತಿಂಗಳು ದುಡಿದರೆ ಬ್ಯಾಂಕಿಗೆ ಎಷ್ಟು ಬೀಳುತ್ತದೆ?»

ಏಳನೇ ತಾರೀಖು ಸೋಮವಾರ. ಐದು, ಆರು ಶನಿವಾರ ಭಾನುವಾರ ರಜೆ. ಆ ಎರಡು ದಿನದ್ದೂ ಹಿಡಿದಿದ್ದಾರೆ, ಇದು ನ್ಯಾಯವೇ?

ಹಿಡಿದಿಲ್ಲ, ಕೊಟ್ಟಿಲ್ಲ ಅಷ್ಟೆ. ಸೇರುವ ಮೊದಲಿನ ವಾರದ ರಜೆಗೆ ಸಂಬಳವಿಲ್ಲ. ಜುಲೈಯ 31 ದಿನಗಳಲ್ಲಿ 7ರಿಂದ ಕೊನೆಯವರೆಗೆ 25 ದಿನ. ಅದರಿಂದಲೇ ಪ್ರತಿ ಸಾಲನ್ನೂ 25ರಿಂದ ಗುಣಿಸಿ 31ರಿಂದ ಭಾಗಿಸಿದ್ದಾರೆ: ಮೂಲ ವೇತನ 12,097, ಬಾಡಿಗೆ ಭತ್ಯೆ 6,048, ಪಾಳಿ ಭತ್ಯೆ 3,531. ಕೆಲವು ಕಡೆ ಎಲ್ಲ ತಿಂಗಳನ್ನೂ 30 ಎಂದು, ಕೆಲವು ಕಾರ್ಖಾನೆಗಳಲ್ಲಿ 26 ಎಂದು ಹಿಡಿಯುವ ರೂಢಿ ಇದೆ. ಯಾವುದಾದರೂ ಇರಲಿ, ಚೀಟಿಯ ಮೇಲ್ಭಾಗದಲ್ಲಿ ಸಂಬಳ ಕೊಟ್ಟ ದಿನಗಳು ಎಂಬ ಒಂದು ಅಂಕಿ ಇರುತ್ತದೆ. ಮೊದಲು ಕಣ್ಣು ಹಾಯಿಸಬೇಕಾದದ್ದು ಅಲ್ಲಿಗೆ. ನಾನು ತಿದ್ದಿಕೊಟ್ಟ ತಪ್ಪು ಚೀಟಿಗಳಲ್ಲಿ ಹೆಚ್ಚಿನವು ಅಲ್ಲೇ ತಪ್ಪಿರುತ್ತಿದ್ದವು.

## ಕಡಿತದ ಸಾಲುಗಳು

ಪಿಎಫ್ ನನಗೆ ಬೇಡ ಎಂದರೆ ಬಿಡುತ್ತಾರೆಯೇ? 1,452 ಎಂದರೆ ನನ್ನ ಮೂರು ವಾರದ ಊಟ.

ಅವಳ ವಿಷಯದಲ್ಲಿ ಬಿಡುವುದಿಲ್ಲ. ಪಿಎಫ್ ಕಟ್ಟುವ ವೇತನ ತಿಂಗಳಿಗೆ 15,000 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸದಸ್ಯತ್ವ ಕಡ್ಡಾಯ. ಅದಕ್ಕಿಂತ ಹೆಚ್ಚಿದ್ದು, ಹಿಂದೆ ಎಲ್ಲೂ ಸದಸ್ಯರಾಗಿರದಿದ್ದರೆ ಮಾತ್ರ ಸೇರುವಾಗಲೇ ಬೇಡ ಎನ್ನುವ ಅವಕಾಶವಿದೆ. 15,000ದ ಈ ಮಿತಿ 2014ರ ಸೆಪ್ಟೆಂಬರ್‌ನಲ್ಲಿ ನಿಗದಿಯಾದದ್ದು. ಅವಳ ಮೂಲ ವೇತನ ಸರಿಯಾಗಿ 15,000ಕ್ಕೆ ಬಂದು ನಿಂತಿರುವುದೂ ಆಕಸ್ಮಿಕವಲ್ಲ.

ಲೆಕ್ಕ ಸುಲಭ. 12,097ಕ್ಕೆ ಶೇ 12 ಎಂದರೆ 1,452. ಅಷ್ಟನ್ನೇ ಕಂಪನಿಯೂ ಹಾಕಬೇಕು. 2024–25ರ ಸಾಲಿಗೆ ಕೊಟ್ಟ ಬಡ್ಡಿ ಶೇ 8.25. ಊಟದ ಮಾತು ನಿಜ, ನಾನು ಅಲ್ಲಗಳೆಯಲಿಲ್ಲ. ಆದರೆ ಚೀಟಿಯಲ್ಲಿರುವ ಎರಡು ಕಡಿತಗಳಲ್ಲಿ ತಿರುಗಿ ಅವಳ ಕೈಗೇ ಬರುವುದು ಇದೊಂದೇ.

ಆಗಸ್ಟ್ ಚೀಟಿಯಲ್ಲಿ ಹೊಸದಾಗಿ 200 ರೂಪಾಯಿ ಹಿಡಿದಿದ್ದಾರೆ. ಜುಲೈಯಲ್ಲಿ ಇರಲಿಲ್ಲ. ಏನಾದರೂ ದಂಡವೇ?

ದಂಡವಲ್ಲ, ವೃತ್ತಿ ತೆರಿಗೆ. ಕರ್ನಾಟಕದಲ್ಲಿ ತಿಂಗಳ ಸಂಬಳ 25,000 ಅಥವಾ ಹೆಚ್ಚಿದ್ದರೆ ಅದು ಬೀಳುತ್ತದೆ. ಜುಲೈಯಲ್ಲಿ ಅವಳಿಗೆ ಬಂದದ್ದು 21,676, ಆದ್ದರಿಂದ ತಪ್ಪಿಸಿಕೊಂಡಳು. ಆಗಸ್ಟ್‌ನಲ್ಲಿ ಪೂರ್ತಿ 26,878 ಬಂತು, ಸಿಕ್ಕಿಬಿದ್ದಳು. ಈ ದುಡ್ಡನ್ನು ಕಂಪನಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಗೆ ಕಟ್ಟುತ್ತದೆ. ಇದು ತಿರುಗಿ ಬರುವುದಿಲ್ಲ.

ಫೆಬ್ರವರಿ ಚೀಟಿಯಲ್ಲಿ ಇದು 300 ಆಗಿರುತ್ತದೆ, ಆಗ ಮತ್ತೆ ಫೋನು ಮಾಡಬೇಡ ಎಂದು ಮೊದಲೇ ಹೇಳಿದ್ದೇನೆ. ಸಂವಿಧಾನದ 276ನೇ ವಿಧಿ ವೃತ್ತಿ ತೆರಿಗೆಗೆ ವರ್ಷಕ್ಕೆ 2,500 ರೂಪಾಯಿಯ ಮಿತಿ ಹಾಕಿದೆ. ತಿಂಗಳಿಗೆ 200ರಂತೆ ವರ್ಷಕ್ಕೆ 2,400 ಆಗುತ್ತಿತ್ತು. ಆ ಉಳಿದ ನೂರನ್ನೂ ಬಿಡುವುದೇಕೆಂದು 2025ರ ಏಪ್ರಿಲ್‌ನಿಂದ ರಾಜ್ಯ ಸರ್ಕಾರ ಫೆಬ್ರವರಿಗೆ ನೂರು ಸೇರಿಸಿತು.

ಆದಾಯ ತೆರಿಗೆಯ ಸಾಲಿನಲ್ಲಿ ಸೊನ್ನೆ ಇದೆ. ಮುಂದೆ ಒಟ್ಟಿಗೆ ಹಿಡಿಯುತ್ತಾರೆಯೇ?

ಇಲ್ಲ. 2025–26ರ ಹೊಸ ಪದ್ಧತಿಯಲ್ಲಿ ನಾಲ್ಕು ಲಕ್ಷದವರೆಗೆ ತೆರಿಗೆಯೇ ಇಲ್ಲ. ರಿಯಾಯಿತಿಯಿಂದಾಗಿ 12 ಲಕ್ಷದವರೆಗೂ ಕಟ್ಟಬೇಕಾದದ್ದು ಸೊನ್ನೆ, ಸಂಬಳದಾರರಿಗೆ 75,000ದ ಪ್ರಮಾಣಿತ ಕಡಿತ ಬೇರೆ. ಅವಳ ಇಡೀ ವರ್ಷದ ಸಂಬಳ ಮೂರೂಕಾಲು ಲಕ್ಷವನ್ನೂ ಮುಟ್ಟುವುದಿಲ್ಲ.

ನನ್ನ ಗೆಳತಿಗೆ 18,500. ಅವಳ ಚೀಟಿಯಲ್ಲಿ ಇಎಸ್‌ಐ ಎಂದು 139 ಹಿಡಿದಿದ್ದಾರೆ. ನನಗೇಕೆ ಇಲ್ಲ?

ಇಎಸ್‌ಐ ಎಂದರೆ ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಇರುವವರಿಗೆ ಸರ್ಕಾರದ ಆರೋಗ್ಯ ವಿಮೆ. ನೌಕರರ ಪಾಲು ಶೇ 0.75, ಕಂಪನಿಯದು ಶೇ 3.25. ಗೆಳತಿಯ ಲೆಕ್ಕ 138 ರೂಪಾಯಿ 75 ಪೈಸೆ ಬರುತ್ತದೆ, ಮೇಲಿನ ರೂಪಾಯಿಗೆ ಏರಿಸಿ 139. ಕಂಪನಿ ಹಾಕುವುದು 602.

ಈ 139ರ ಬಗ್ಗೆ ಗೊಣಗುವ ಹುಡುಗಿಯರಿಗೆ ನಾನು ಹೇಳುವುದು, ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಮುಂದೆ ಒಂದು ದಿನ ನಿಂತು ನೋಡಿ ಎಂದು. ಸಾಲು ಉದ್ದ, ಕಾಯಬೇಕು, ನಿಜ. ಆದರೆ ಅವಳ ಮೇಲೆ ಅವಲಂಬಿತರಾದ ಅಪ್ಪ ಅಮ್ಮನಿಗೂ ಅಲ್ಲಿ ಚಿಕಿತ್ಸೆ ಉಂಟು. ಆರು ತಿಂಗಳ ಒಂದು ಕಂತಿನ ಅವಧಿಯಲ್ಲಿ ಕನಿಷ್ಠ 78 ದಿನದ ಕಂತು ಬಿದ್ದಿದ್ದರೆ, ಮುಂದೆ ಕಾಯಿಲೆ ಬಿದ್ದು ಸಂಬಳ ತಪ್ಪಿದ ದಿನಗಳಿಗೆ ವೇತನದ ಶೇ 70ರಷ್ಟು ದುಡ್ಡೂ ಬರುತ್ತದೆ, ವರ್ಷಕ್ಕೆ 91 ದಿನದವರೆಗೆ. ನಮ್ಮ ಹುಡುಗಿಗೆ ಇದು ಇಲ್ಲ, ಅವಳದು ಮಿತಿ ದಾಟಿದ ಸಂಬಳ. ಅದರ ಬದಲಿಗೆ ಆ 600ರ ಗುಂಪು ವಿಮೆ. ಅದರಲ್ಲಿ ಅಪ್ಪ ಅಮ್ಮ ಇದ್ದಾರೆಯೇ ಎಂದು ನೋಡಿಕೋ ಎಂದೆ. ಇರಲಿಲ್ಲ.

ನಾನು ಪಿಜಿಯಿಂದ ನಡೆದುಕೊಂಡು ಹೋಗುತ್ತೇನೆ. ವ್ಯಾನಿಗೆ 1,200 ಏಕೆ ಹಿಡಿದಿದ್ದಾರೆ?

ಇಡೀ ಚೀಟಿಯಲ್ಲಿ ತಪ್ಪಾಗಿದ್ದದ್ದು ಇದೊಂದೇ ಸಾಲು. ಅವಳು ಮಾತ್ರ ಇದನ್ನು ಎಲ್ಲಕ್ಕಿಂತ ಕೊನೆಗೆ ಕೇಳಿದಳು. ಪಿಎಫ್, ಸಿಟಿಸಿ ಎಂಬ ದೊಡ್ಡ ಹೆಸರುಗಳ ಮೇಲೆ ಅನುಮಾನಪಟ್ಟು, ಕಣ್ಣೆದುರಿನ ವ್ಯಾನನ್ನು ಸರಿಯೇ ಇರಬೇಕೆಂದು ಬಿಟ್ಟಿದ್ದಳು.

ಪಿಜಿಗೂ ಕಚೇರಿಗೂ ಹತ್ತು ನಿಮಿಷದ ನಡಿಗೆ. ಒಂದು ದಿನವೂ ಅವಳು ವ್ಯಾನು ಹತ್ತಿದವಳಲ್ಲ. ಹಾಗಾದರೆ ಎಲ್ಲಿ ಸಹಿ ಮಾಡಿದ್ದೆ ಎಂದು ಕೇಳಿದೆ. ಸೇರಿದ ದಿನ ಹನ್ನೊಂದು ಫಾರ್ಮುಗಳಿಗೆ ಸಹಿ ಮಾಡಿಸಿದ್ದರಂತೆ. ಅದರಲ್ಲಿ ಒಂದು, ಕಂಪನಿ ವಾಹನ ಬಳಸುತ್ತೇನೆ, ಅದರ ಖರ್ಚನ್ನು ಸಂಬಳದಲ್ಲಿ ಕಳೆಯಬಹುದು ಎಂಬ ಒಪ್ಪಿಗೆ. ಇಂಥ ಸೌಲಭ್ಯಕ್ಕೆ ದುಡ್ಡು ಕಳೆಯಲು ನೌಕರರ ಒಪ್ಪಿಗೆ ಬೇಕು. ಅದಕ್ಕೇ ಆ ಫಾರ್ಮು ಆ ಹನ್ನೊಂದರ ನಡುವೆ ಇರುತ್ತದೆ.

ಜಗಳ ಬೇಡ, ನಾಲ್ಕು ಸಾಲಿನ ಇಮೇಲ್ ಸಾಕು ಎಂದೆ. ಜುಲೈ 7ರಿಂದ ವಾಹನ ಬಳಸಿಲ್ಲ, ವ್ಯಾನಿನ ಹಾಜರಿ ಪುಸ್ತಕ ನೋಡಬಹುದು, ಒಪ್ಪಿಗೆ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಕಳೆದದ್ದನ್ನು ಮುಂದಿನ ಸಂಬಳದಲ್ಲಿ ಸೇರಿಸಿ ಕೊಡಿ. ಅವಳು ಬರೆಯುವಷ್ಟರಲ್ಲಿ ಆಗಸ್ಟ್ ಸಂಬಳದಲ್ಲೂ ಕಳೆದಾಗಿತ್ತು. ಸೆಪ್ಟೆಂಬರ್ ಚೀಟಿಯಲ್ಲಿ ಗಳಿಕೆಯ ಕಡೆ ಬಾಕಿ ಎಂಬ ಹೆಸರಿನಲ್ಲಿ 2,400 ಬಂದು ಕೂತಿತು.

ಹೀಗೆ ಒಂದೊಂದೇ ಹೆಸರಿನಲ್ಲಿ ಎಷ್ಟು ಬೇಕಾದರೂ ಕಳೆಯಬಹುದೇ?

ಮಿತಿ ಇದೆ. ಈಗ ಜಾರಿಯಲ್ಲಿರುವ ವೇತನ ಸಂಹಿತೆಯ ಪ್ರಕಾರ ಒಂದು ವೇತನ ಅವಧಿಯ ಒಟ್ಟು ಕಡಿತ ಆ ಅವಧಿಯ ವೇತನದ ಅರ್ಧ ಮೀರುವಂತಿಲ್ಲ.

## ಪಾಸ್‌ಬುಕ್ ತೆರೆದ ಮೇಲೆ

ಚೀಟಿಯಲ್ಲಿ ಪಿಎಫ್ ಹಿಡಿದಿದ್ದಾರೆ. ಆದರೆ ಆಗಸ್ಟ್ ಮುಗಿಯುತ್ತಾ ಬಂದರೂ ಪಿಎಫ್ ಖಾತೆಯೇ ಇಲ್ಲ. ದುಡ್ಡು ಎಲ್ಲಿದೆ?

ನನಗೆ ನಿಜವಾಗಿ ಖುಷಿ ಕೊಟ್ಟ ಪ್ರಶ್ನೆ ಇದು. ಚೀಟಿಯಲ್ಲಿ ಕಾಣುವುದು ಕಳೆದದ್ದು ಮಾತ್ರ, ಕಟ್ಟಿದ್ದಲ್ಲ. ಕಟ್ಟಿದ್ದು ಪಿಎಫ್ ಪಾಸ್‌ಬುಕ್ಕಿನಲ್ಲಿ ಕಾಣಬೇಕು. ಜುಲೈಯ ಪಿಎಫ್ ಅನ್ನು ಕಂಪನಿ ಆಗಸ್ಟ್ 15ರೊಳಗೆ ಕಟ್ಟಬೇಕಿತ್ತು.

ವಿಚಾರಿಸಿದಾಗ ಗೊತ್ತಾದದ್ದು ನಮ್ಮೂರ ಕಡೆಯವರಿಗೆಲ್ಲ ಬರುವ ತೊಂದರೆ: ಇನಿಷಿಯಲ್. ಕಚೇರಿಯವರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ನೋಡಿ, ಹೆಸರಿನ ಮುಂದೆ ಎರಡು ಇನಿಷಿಯಲ್ ಬರೆದುಕೊಂಡಿದ್ದರು. ಆಧಾರ್‌ನಲ್ಲಿ ಅದರ ಬದಲು ಅಪ್ಪನ ಹೆಸರು ಪೂರ್ತಿಯಾಗಿತ್ತು. ಪಿಎಫ್ ಸದಸ್ಯರಿಗೆ ಕೊಡುವ ಹನ್ನೆರಡು ಅಂಕಿಯ ಯುಎಎನ್ ಹುಟ್ಟಬೇಕಾದರೆ ವಿವರ ಆಧಾರ್‌ಗೆ ಹೊಂದಬೇಕು. ಅದು ಹುಟ್ಟದೆ ಅವಳ ಹೆಸರು ಆ ತಿಂಗಳ ಪಟ್ಟಿಗೆ ಸೇರಲಿಲ್ಲ. 1,452 ಅವಳ ಸಂಬಳದಿಂದ ಹೊರಟು ಕಂಪನಿಯ ಖಾತೆಯಲ್ಲೇ ಕೂತಿತ್ತು.

ಅಷ್ಟರಲ್ಲಿ 2025ರ ಆಗಸ್ಟ್ 1ರಿಂದ ಹೊಸ ಯುಎಎನ್ ಅನ್ನು ನೌಕರರೇ ಉಮಂಗ್ ಆ್ಯಪ್‌ನಲ್ಲಿ ಮುಖ ತೋರಿಸಿ ಮಾಡಿಕೊಳ್ಳುವ ನಿಯಮ ಬಂದಿತ್ತು. ಪಿಜಿಯ ಕೋಣೆಯಲ್ಲಿ ಬೆಳಕು ಸಾಲದೆ ಮೂರು ಸಲ ವಿಫಲವಾಗಿ, ನಾಲ್ಕನೆಯ ಸಲ ತಾರಸಿಗೆ ಹೋಗಿ, ಒಣಗಲು ಹಾಕಿದ ಬಟ್ಟೆಗಳ ನಡುವೆ ನಿಂತು ಕಣ್ಣು ಮಿಟುಕಿಸಿದಳು. ಸಂಖ್ಯೆ ಬಂತು, ಹೆಸರು ಆಧಾರ್‌ನಲ್ಲಿದ್ದಂತೆಯೇ. ಕಚೇರಿಯವರು ತಮ್ಮ ದಾಖಲೆಯನ್ನು ಅದಕ್ಕೆ ಹೊಂದಿಸಿ, ಜುಲೈ ಆಗಸ್ಟ್ ಎರಡನ್ನೂ ಸೆಪ್ಟೆಂಬರ್‌ನಲ್ಲಿ ಕಟ್ಟಿದರು. ತಡವಾದರೆ ಅದರ ಬಡ್ಡಿ, ದಂಡ ಕಂಪನಿಯ ತಲೆಗೆ, ನೌಕರರದಲ್ಲ.

ಸೇರುವ ದಿನ ಕೊಡುವ ಎಲ್ಲ ಕಾಗದಗಳಲ್ಲೂ ಆಧಾರ್‌ನಲ್ಲಿರುವ ಹೆಸರನ್ನೇ ಬರೆಯಿರಿ. ಅಂಕಪಟ್ಟಿಯ ಮೇಲಿನ ಪ್ರೀತಿಯನ್ನು ಬೇರೆಲ್ಲಾದರೂ ತೋರಿಸಬಹುದು.

ಪಾಸ್‌ಬುಕ್ ನೋಡಿದೆ. ನನ್ನದು 1,452 ಇದೆ, ಕಂಪನಿಯದು ಬರೀ 444. ಸಮ ಸಮ ಹಾಕಬೇಕು ಎಂದಿರಲ್ಲ?

ಸಮ ಸಮವೇ ಹಾಕಿದ್ದಾರೆ. ಪಕ್ಕದಲ್ಲಿ ಮೂರನೆಯ ಕಾಲಂ ಇದೆ ನೋಡು ಎಂದೆ. ಅಲ್ಲಿ 1,008 ಇತ್ತು. ಕಂಪನಿಯ ಪಾಲಿನಲ್ಲಿ ಶೇ 8.33 ಪಿಂಚಣಿ ಯೋಜನೆಗೆ ಹೋಗುತ್ತದೆ, ಉಳಿದದ್ದು ಮಾತ್ರ ಪಿಎಫ್ ಕಾಲಮ್ಮಿಗೆ. 1,008ಕ್ಕೆ 444 ಸೇರಿಸಿದರೆ 1,452. ಪೂರ್ತಿ ತಿಂಗಳಲ್ಲಿ ಇದು ಅವಳದು 1,800, ಕಂಪನಿಯದು 550 ಮತ್ತು 1,250 ಎಂದು ಕಾಣುತ್ತದೆ.

ಆದರೆ ಆ ಮೂರನೆಯ ಕಾಲಂ ಬೇರೆ ಜಾತಿಯದು. ಅದಕ್ಕೆ ಪ್ರತಿ ವರ್ಷ ಬಡ್ಡಿ ಸೇರುವುದಿಲ್ಲ. ಹತ್ತು ವರ್ಷ ಸದಸ್ಯರಾಗಿದ್ದವರಿಗೆ ಮುಂದೆ ಪಿಂಚಣಿ ಬರುತ್ತದೆ, ಅದರ ಮೊತ್ತ ಕಾಲಮ್ಮಿನ ದುಡ್ಡಿನ ಮೇಲಲ್ಲ, ಸೇವೆಯ ವರ್ಷ ಮತ್ತು ವೇತನದ ಸೂತ್ರದ ಮೇಲೆ ನಿಲ್ಲುತ್ತದೆ. ಆದ್ದರಿಂದ ಪಾಸ್‌ಬುಕ್ಕಿನ ಮೂರು ಕಾಲಂ ಕೂಡಿಸಿ ನನ್ನ ಪಿಎಫ್ ಇಷ್ಟು ಎಂದು ಯಾರಾದರೂ ಹೇಳಿದರೆ ಮೂರನೆಯದನ್ನು ಬಿಟ್ಟು ಲೆಕ್ಕ ಹಾಕಿ.

ಪ್ರತಿ ಸಲ ಆ್ಯಪ್ ತೆರೆಯದೆ ನೋಡುವ ದಾರಿ ಇದೆಯೇ?

ನೋಂದಾಯಿತ ಮೊಬೈಲಿನಿಂದ 7738299899ಕ್ಕೆ `EPFOHO UAN KAN` ಎಂದು ಎಸ್‌ಎಂಎಸ್ ಕಳಿಸುವುದು. ಕೊನೆಯ ಮೂರು ಅಕ್ಷರ ಕನ್ನಡಕ್ಕಾಗಿ. ಅವಳು ಮೊದಲು ಬೇಡ ಎಂದ ಪಿಎಫ್‌ಗೆ ಈಗ ಹದಿನೈದನೇ ತಾರೀಖು ದಾಟಿದ ಮೇಲೆ ತಪ್ಪದೆ ಒಂದು ಎಸ್‌ಎಂಎಸ್ ಹೋಗುತ್ತದೆ.

ಕೆಲಸ ಬಿಟ್ಟರೆ ಪಿಎಫ್ ಪೂರ್ತಿ ತೆಗೆದುಬಿಡಲೇ?

ಬೇರೆ ಕೆಲಸ ಸಿಕ್ಕಿದ್ದರೆ ಹೊಸ ಕಂಪನಿಗೆ ಅದೇ ಯುಎಎನ್ ಕೊಟ್ಟು ಹಳೆಯ ಬಾಕಿಯನ್ನು ವರ್ಗಾಯಿಸಿಕೊಳ್ಳುವುದೇ ಸರಿ. ಐದು ವರ್ಷದ ಸೇವೆ ತುಂಬುವ ಮೊದಲು ತೆಗೆದರೆ ಆ ದುಡ್ಡು ಆದಾಯ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. 50,000 ಮುಟ್ಟಿದರೆ ಕೊಡುವಾಗಲೇ ಶೇ 10 ಹಿಡಿಯುತ್ತಾರೆ. ಹಿಂದಿನ ಕಂಪನಿಯ ಸೇವೆಯೂ ಐದು ವರ್ಷಕ್ಕೆ ಸೇರುತ್ತದೆ, ಆದರೆ ವರ್ಗಾಯಿಸಿಕೊಂಡಿದ್ದರೆ ಮಾತ್ರ.

ನನ್ನದು ಇನಿಷಿಯಲ್ ತೊಂದರೆ. ಗೆಳತಿಯ ಕಂಪನಿ ನಾಲ್ಕು ತಿಂಗಳಿಂದ ಹಿಡಿಯುತ್ತಿದೆ, ಏನೂ ಕಟ್ಟಿಲ್ಲ. ಅವಳು ಕೇಳಿದರೆ ಕೆಲಸದಿಂದ ತೆಗೆಯುತ್ತಾರೆ ಎಂದು ಹೆದರುತ್ತಾಳೆ.

ಯಾರನ್ನೂ ಕೇಳುವ ಮೊದಲು ಸುಮ್ಮನೆ ನೋಡುವ ದಾರಿಯೊಂದಿದೆ. ಪಿಎಫ್ ಸಂಸ್ಥೆಯ ಜಾಲತಾಣದಲ್ಲಿ `Establishment Search` ಎಂಬಲ್ಲಿ ಕಂಪನಿಯ ಹೆಸರು ಹಾಕಿದರೆ, ಅದು ಯಾವ ತಿಂಗಳದ್ದು ಯಾವ ದಿನ ಎಷ್ಟು ಕಟ್ಟಿದೆ, ಎಷ್ಟು ಜನರಿಗೆ ಕಟ್ಟಿದೆ ಎಂದು ಸಾಲಾಗಿ ಕಾಣುತ್ತದೆ. ಲಾಗಿನ್ ಬೇಡ, ನೋಡಿದವರು ಯಾರೆಂದು ಕಂಪನಿಗೆ ತಿಳಿಯುವುದೂ ಇಲ್ಲ. ಕಂಪನಿ ಎಲ್ಲರಿಗೂ ಕಟ್ಟಿ ಇವಳೊಬ್ಬಳದ್ದು ಬಿಟ್ಟಿದ್ದರೆ ಅದು ಬಹುಪಾಲು ದಾಖಲೆಯ ತೊಂದರೆ, ಕಚೇರಿಯಲ್ಲೇ ಸರಿಹೋಗುತ್ತದೆ. ತಿಂಗಳುಗಳೇ ಖಾಲಿ ಇದ್ದರೆ, ಅಥವಾ ನೂರು ಜನರಿರುವ ಕಡೆ ಮೂವತ್ತು ಜನರಿಗೆ ಮಾತ್ರ ಕಟ್ಟಿದ್ದರೆ, ಅದು ಬೇರೆ ಕಥೆ. ಆಗ `epfigms.gov.in`ನಲ್ಲಿ ದೂರು ಹಾಕಬೇಕು. ನಾಲ್ಕೂ ತಿಂಗಳ ಚೀಟಿ ಮತ್ತು ಸಂಬಳ ಬಿದ್ದ ಬ್ಯಾಂಕ್ ಪುಟ ಜೊತೆಗಿರಲಿ, ಏಕೆಂದರೆ ಕಳೆದದ್ದಕ್ಕೆ ಸಾಕ್ಷಿ ಆ ಚೀಟಿಯೇ.

ಗೆಳತಿ ಮೂರು ತಿಂಗಳ ಚೀಟಿಗಳನ್ನು ಕಚೇರಿಯ ಇಮೇಲಿನಲ್ಲೇ ಬಿಟ್ಟಿದ್ದಳು. ಕೆಲಸ ಹೋದ ದಿನ ಆ ಇಮೇಲೂ ಮುಚ್ಚುತ್ತದೆ. ಅಂದು ರಾತ್ರಿಯೇ ಇಬ್ಬರೂ ಕೂತು ಎಲ್ಲವನ್ನೂ ಫೋನಿಗೆ ಇಳಿಸಿಕೊಂಡರಂತೆ.